ತರಬೇತಿ ಪ್ರಮಾಣಪತ್ರ ತೀರ್ಪುಗಾರಿಕೆಗೆ ಸಾಲದು

ಮಾನ್ಯರೇ,

ಚಿಂತಾಮಣಿ ಭಾಗದ ಶಾಲಾ ಕಬಡ್ಡಿ ಪಂದ್ಯಗಳಲ್ಲಿ ತೀರ್ಪುಗಾರರ ಪರೀಕ್ಷೆ ಪಾಸಾಗದವರೇ ಸೀಟಿ ಹಿಡಿಯುತ್ತಿರುವುದು ಮಕ್ಕಳಿಗೆ ಆಗುತ್ತಿರುವ ಅನ್ಯಾಯ.

ಇತ್ತೀಚಿನ ಒಂದು ಪಂದ್ಯದಲ್ಲಿ ಅಂಕಣದಲ್ಲಿ ಐವರು ರಕ್ಷಕರಷ್ಟೇ ಇದ್ದಾಗಲೂ ರೈಡರ್‌ಗೆ ಬೋನಸ್ ಅಂಕ ಕೊಡಲಾಯಿತು. ಕನಿಷ್ಠ ಆರು ರಕ್ಷಕರಿದ್ದರೆ ಮಾತ್ರ ಬೋನಸ್ ಸಲ್ಲುತ್ತದೆ. ಆಗಲೂ ಒಂದು ಕಾಲು ಬೋನಸ್ ಗೆರೆ ದಾಟಿ ಊರುವಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಆ ಒಂದೇ ಅಂಕದಿಂದ ಸೋತ ಹುಡುಗಿಯರು ಅಳುತ್ತಾ ಹೊರಬಂದರು.

ತೀರ್ಪು ಕೊಟ್ಟವರು ದೈಹಿಕ ಶಿಕ್ಷಕರು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರಗಳ ಕೋರ್ಸ್ ಮುಗಿಸಿದವರು. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಕೋರ್ಸ್ ಆಟ ಕಲಿಸಲು ಸಜ್ಜುಗೊಳಿಸುವಂಥದ್ದು. ಅದೇ ಸಂಸ್ಥೆಯ ಒಂದು ವರ್ಷದ ಡಿಪ್ಲೊಮಾ ಕೂಡ ತರಬೇತುದಾರರಿಗಾಗಿಯೇ ಇರುವುದು. ತೀರ್ಪುಗಾರರ ಅರ್ಹತೆಗೆ ಕ್ರೀಡಾ ಸಂಸ್ಥೆಗಳು ನಡೆಸುವ ಪರೀಕ್ಷೆಯೇ ಬೇರೆ. ಸಾಲದೆಂಬಂತೆ, ಆಡುವ ಶಾಲೆಯ ಶಿಕ್ಷಕರೇ ಅಂಪೈರ್ ಆಗುವುದೂ ಉಂಟು.

ಶಿಕ್ಷಣ ಇಲಾಖೆಯು ಬೇಸಿಗೆ ರಜೆಯಲ್ಲಿ ಕಬಡ್ಡಿ ಸಂಸ್ಥೆಯ ನೆರವಿನಿಂದ ಆಸಕ್ತ ಶಿಕ್ಷಕರಿಗೆ ಈ ಪರೀಕ್ಷೆ ಏರ್ಪಡಿಸಲಿ. ಅಲ್ಲಿಯವರೆಗೆ ಪ್ರತಿ ಅಂಕಣಕ್ಕೆ ಅರ್ಹತೆ ಪಡೆದ ಒಬ್ಬ ರೆಫರಿಯನ್ನಾದರೂ, ಆಡದ ಶಾಲೆಯಿಂದ ಇಬ್ಬರು ಅಂಪೈರ್‌ಗಳನ್ನೂ ನೇಮಿಸಲಿ.

– ಒಬ್ಬ ಪೋಷಕ, ಚಿಂತಾಮಣಿ