ಅಂಗಡಿಯ ಹತ್ತನೇ ವರ್ಷಕ್ಕೆ ನೀನು ಹೇಳಬೇಕಾದ ಮಾತು: ಸುಂಟಿಕೊಪ್ಪದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಗ್ರಾಹಕರಿಗೆ ವಾಟ್ಸಾಪಿನಲ್ಲಿ ಕಳಿಸುವ ವಿಡಿಯೋಗೆ ಅಂತ ನೀನು ಬರೆದು ಕಳಿಸಿದ ಮಾತನ್ನು ಗಟ್ಟಿಯಾಗಿ ಓದಿ ನೋಡಿದೆ. "ನಮ್ಮ ಅಂಗಡಿಯು ಯಶಸ್ವಿಯಾಗಿ ಹತ್ತು ವಸಂತಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಸಮಸ್ತ ಗ್ರಾಹಕ ಬಾಂಧವರಿಗೆ ಹೃತ್ಪೂರ್ವಕ ಧನ್ಯವಾದಗಳು" ಅಂತ ಶುರು ಮಾಡಿದ್ದೀಯಲ್ಲ, ಅದನ್ನು ತೆಗೆದುಬಿಡು ಮಾರಾಯ. ಕೌಂಟರ್ ಹಿಂದೆ ನಿಂತು ನೀನು ಯಾವತ್ತಾದರೂ ಹಾಗೆ ಮಾತಾಡಿದ್ದುಂಟಾ? ಹತ್ತು ವರ್ಷದಿಂದ ನಿನ್ನ ದನಿ ಕೇಳಿದವರು ಈ ವಿಡಿಯೋ ನೋಡುತ್ತಾರೆ. ಮೊದಲ ಸಾಲಿನಲ್ಲೇ ಬೇರೆ ಯಾರೋ ಮಾತಾಡಿದ ಹಾಗೆ ಕೇಳಿಸಿದರೆ ಅವರು ಮುಂದಕ್ಕೆ ಕೇಳುವುದಿಲ್ಲ.

ಉದ್ದವೂ ಜಾಸ್ತಿ ಆಯ್ತು. ಕನ್ನಡವನ್ನು ನಿಧಾನವಾಗಿ, ಉಸಿರು ತೆಗೆದುಕೊಂಡು ಹೇಳಿದರೆ ಒಂದು ನಿಮಿಷಕ್ಕೆ ಹೆಚ್ಚೂ ಕಡಿಮೆ ತೊಂಬತ್ತು, ನೂರು ಪದ ಹಿಡಿಸುತ್ತದೆ. ನಿನ್ನದು ಎರಡೂವರೆ ನಿಮಿಷ ದಾಟುತ್ತದೆ. ತೋಟದೊಳಗಿನ ಮನೆಗಳಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ನಿನಗೇ ಗೊತ್ತು. ಒಂದು ನಿಮಿಷದ್ದಾದರೆ ಬೇಗ ಇಳಿಯುತ್ತದೆ, ಪೂರ್ತಿ ನೋಡುತ್ತಾರೆ.

ಹಾಗಾದರೆ ಆ ಒಂದು ನಿಮಿಷದಲ್ಲಿ ಏನಿರಬೇಕು? ನಿನ್ನ ಬರಹದ ಮೂರನೇ ಪುಟದಲ್ಲಿ ಒಂದು ಮಾತು ಮೂಲೆಗೆ ಬಿದ್ದಿತ್ತು. 2018ರ ಆಗಸ್ಟ್ ಮಳೆಯಲ್ಲಿ ಗ್ರಾಹಕರೇ ಒಂದು ರಟ್ಟಿನ ಮೇಲೆ ಲೆಕ್ಕ ಬರೆದಿಟ್ಟು ಹೋದದ್ದು. ವಿಡಿಯೋ ಅದೇ. ಉಳಿದದ್ದೆಲ್ಲ ಯಾವ ಅಂಗಡಿಯವನು ಬೇಕಾದರೂ ಹೇಳಬಹುದು, ಇದನ್ನು ನೀನೊಬ್ಬನೇ ಹೇಳಬಹುದು.

ಆ ರಟ್ಟನ್ನು ನೀನು ನನಗೆ ತೋರಿಸಿದ್ದು ಚೆನ್ನಾಗಿ ನೆನಪಿದೆ. ಬಿಸ್ಕತ್ತಿನ ಪೆಟ್ಟಿಗೆಯ ಒಂದು ಬದಿ ಹರಿದದ್ದು, ಒಂದು ಮೂಲೆ ನೀರು ಕುಡಿದು ಉಬ್ಬಿದೆ. ಮೇಲೆ ನಾಲ್ಕೈದು ಜನರ ಕೈಬರಹ, ಒಂದು ಕಡೆ ಮಲಯಾಳಂ ಅಕ್ಷರ, ಒಂದು ಕಡೆ ಬರೀ ಅಂಕಿ. ಆ ವಾರ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಗಿತ್ತು. ಕರೆಂಟ್ ಇರಲಿಲ್ಲ. ಅಂಗಡಿ ತುಂಬ ಜನ, ನೀನು ತೂಗುವುದರಲ್ಲೇ ಇದ್ದೆ. ಯಾರೋ ಒಬ್ಬರು ರಟ್ಟು ಹರಿದು ಪೆನ್ನು ಕೇಳಿದರು. ಇದನ್ನು ಬಿಟ್ಟು "ನಿಮ್ಮ ನಂಬಿಕೆಯೇ ನಮ್ಮ ಬಂಡವಾಳ" ಅಂತ ಹೇಳುವುದು ಯಾಕೆ?

ಇಲ್ಲೇ ಒಂದು ಜಾಗ್ರತೆ. "ಎಲ್ಲರೂ ಕೊನೆಗೆ ದುಡ್ಡು ತಂದುಕೊಟ್ಟರು" ಅಂತ ಬರೆದಿದ್ದೀಯ. ಅದು ಬೇಡ. ಆ ಮಳೆಯಲ್ಲಿ ತೋಟ ಕಳಕೊಂಡವರು, ಮನೆ ಕಳಕೊಂಡವರು ನಿನ್ನ ಗ್ರಾಹಕರಲ್ಲೇ ಇದ್ದಾರೆ. ಯಾರಿಗಾದರೂ ತೀರಿಸಲು ತಡವಾಗಿದ್ದರೆ, ಅಥವಾ ನೀನೇ ಕೆಲವರ ಬಾಕಿಯನ್ನು ಹೊಡೆದುಹಾಕಿದ್ದರೆ, ಆ ಸಾಲು ಕೇಳುವಾಗ ಅವರಿಗೆ ಚುಚ್ಚುತ್ತದೆ. ಬರೆದಿಟ್ಟರು ಅನ್ನುವಲ್ಲಿಗೆ ನಿಲ್ಲಿಸು. ರಟ್ಟನ್ನು ಕೈಯಲ್ಲಿ ಹಿಡಿದು ತೋರಿಸು, ಆದರೆ ಹೆಸರಿರುವ ಭಾಗ ಬೆರಳಡಿ ಇರಲಿ. ಉದ್ರಿ ಪುಸ್ತಕವಂತೂ ಹಿಂದಿನ ಶೆಲ್ಫಿನಲ್ಲೂ ಕಾಣಬಾರದು.

ಹೆಸರುಗಳ ಪಟ್ಟಿಯನ್ನೂ ಬಿಡು. ಹತ್ತು ಜನರ ಹೆಸರು ಹೇಳಿದರೆ ಹನ್ನೊಂದನೆಯವರು ಮರುದಿನ ಅಂಗಡಿಗೆ ಬಂದು ಮಾತಾಡದೆ ಸಾಮಾನು ತಗೊಂಡು ಹೋಗುತ್ತಾರೆ. ನಮ್ಮ ಊರು ಅಷ್ಟು ಚಿಕ್ಕದು. ಅವರು ಮಾಡಿದ್ದನ್ನು ಹೇಳು, ಮಾಡಿದವರಿಗೆ ತಾನೇ ಗೊತ್ತಾಗುತ್ತದೆ.

ನಾನು ತಿದ್ದಿದ್ದು ಹೀಗಿದೆ. ನಿನ್ನ ಬಾಯಿಗೆ ಬಾರದ ಪದ ಇದ್ದರೆ ಬದಲಾಯಿಸು.

"ನಮಸ್ಕಾರ. ಈ ಕೌಂಟರ್ ಹಿಂದೆ ನಾನು ನಿಂತು ನಾಳೆಗೆ ಹತ್ತು ವರ್ಷ ಆಗ್ತದೆ.

2018ರ ಮಳೆ ನಿಮಗೂ ನೆನಪಿರ್ತದೆ. ಕರೆಂಟಿಲ್ಲ, ಅಂಗಡಿ ತುಂಬ ಜನ. ಮೇಣದ ಬತ್ತಿ ಹಚ್ಚಿ ನಾನು ಅಕ್ಕಿ ತೂಗ್ತಾ ಇದ್ದೆ. ಲೆಕ್ಕ ಬರೆಯೋದಕ್ಕೆ ಕೈ ಬಿಡುವಿರಲಿಲ್ಲ. ಆಗ ನೀವೇ ಈ ರಟ್ಟಿನ ಮೇಲೆ ಬರೆದಿಟ್ಟಿರಿ. ಅಕ್ಕಿ ಐದು ಕೆ.ಜಿ. ಬೆಂಕಿಪೊಟ್ಟಣ ಎರಡು. ಮೇಣದ ಬತ್ತಿ ಒಂದು ಪ್ಯಾಕೆಟ್. ನಾನು ಬರೀರಿ ಅಂತ ಕೇಳಲಿಲ್ಲ.

ಅವತ್ತು ಲಾರಿಯಿಂದ ಮೂಟೆ ಇಳಿಸೋದಕ್ಕೆ ಕೈ ಜೋಡಿಸಿದವರೂ ನೀವೇ. ಸಾಮಾನು ಬಂದಿಲ್ಲ ಅಂದಾಗ, ಪರವಾಗಿಲ್ಲ ನಾಳೆ ಬರ್ತೇನೆ ಅಂದವರೂ ನೀವೇ.

ಈ ರಟ್ಟನ್ನು ನಾನು ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಕಡೆಯಿಂದ, ಮನೆಯವರ ಕಡೆಯಿಂದ, ತುಂಬಾ ಥ್ಯಾಂಕ್ಸ್.

ನಾಳೆ ಎಂದಿನ ಹಾಗೆ ಏಳು ಗಂಟೆಗೆ ಬಾಗಿಲು ತೆಗೀತೇನೆ. ಬನ್ನಿ."

ಎಣ್ಣೆ ಮೇಲೆ ರಿಯಾಯಿತಿ ಇದೆ ಅನ್ನುವ ಸಾಲನ್ನು ನಾನು ಬೇಕೆಂದೇ ಬಿಟ್ಟೆ. ಥ್ಯಾಂಕ್ಸ್ ಹೇಳಿದ ಮರುಗಳಿಗೆಯಲ್ಲೇ ರೇಟು ಹೇಳಿದರೆ, ಇಷ್ಟು ಹೊತ್ತು ಹೇಳಿದ್ದೆಲ್ಲ ಇದಕ್ಕೇನಾ ಅನ್ನಿಸಿಬಿಡುತ್ತದೆ. ರಿಯಾಯಿತಿ ಕೊಡು, ಸಂತೋಷ. ಅದನ್ನು ಎರಡು ದಿನ ಬಿಟ್ಟು ಬೇರೆ ಮೆಸೇಜಿನಲ್ಲಿ ಹಾಕು. ಇಲ್ಲಾಂದ್ರೆ ಅಂಗಡಿ ಬಾಗಿಲಲ್ಲಿ ಒಂದು ಬೋರ್ಡು ಸಾಕು.

ಕಾಗದ ನೋಡಿ ಓದಬೇಡ. ಕಣ್ಣು ಎಡದಿಂದ ಬಲಕ್ಕೆ ಓಡುವುದು ವಿಡಿಯೋದಲ್ಲಿ ಎದ್ದು ಕಾಣುತ್ತದೆ. ಐದು ಚೂರು ಇದೆ ಅಲ್ವಾ, ಪ್ರತಿ ಚೂರಿನ ಮೊದಲ ಪದ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕಕ್ಕೆ ಅಂಟಿಸು. ರಟ್ಟಿನ ಮೇಲಿನ ಲೆಕ್ಕವನ್ನು ಮಾತ್ರ ನಿಜವಾಗಿ ರಟ್ಟು ನೋಡಿಯೇ ಓದು. ಅಲ್ಲಿ ಸ್ವಲ್ಪ ತಡವರಿಸಿದರೂ ತೆಗೆಯಬೇಡ.

ಬಾಗಿಲಿಗೆ ಬೆನ್ನು ಹಾಕಿ ನಿಲ್ಲಬೇಡ, ಹೊರಗಿನ ಬೆಳಕಿಗೆ ಮುಖ ಕಪ್ಪಾಗುತ್ತದೆ. ಬಾಗಿಲ ಕಡೆ ಮುಖ ಮಾಡು, ಫೋನು ನಿನ್ನ ಮುಂದೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಲಿ. ಇದರಲ್ಲಿ ಕೆಡುವುದು ಹೆಚ್ಚಾಗಿ ದನಿಯೇ. ನಿಮ್ಮ ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಏನೂ ಕೇಳಿಸುವುದಿಲ್ಲ, ಹಾಗಾಗಿ ಮಳೆ ಬಿಟ್ಟ ಬೆಳಿಗ್ಗೆ, ಬಾಗಿಲು ತೆಗೆಯುವ ಮೊದಲು ಮಾಡು. ಫ್ರಿಜ್ಜಿನ ಗುಂಯ್ ಶಬ್ದ ನಮ್ಮ ಕಿವಿಗೆ ರೂಢಿಯಾಗಿರುತ್ತದೆ, ಫೋನಿಗೆ ಹಾಗಲ್ಲ. ಎರಡು ನಿಮಿಷ ಆಫ್ ಮಾಡಿ ಮತ್ತೆ ಹಾಕು. ಮೊದಲು ಹತ್ತು ಸೆಕೆಂಡ್ ಮಾತಾಡಿ ಇಯರ್‌ಫೋನ್ ಹಾಕಿ ಕೇಳು. ಹಿಂದೆ ಹಾಡು ಹಾಕುವುದು ಬೇಡ, ವಯಸ್ಸಾದವರಿಗೆ ಮಾತು ಹಿಡಿಯುವುದು ಕಷ್ಟ ಆಗುತ್ತದೆ.

ಕಳಿಸುವ ವಿಷಯ. ನೀನು ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್ ನೆಚ್ಚಿಕೊಂಡಿದ್ದೀಯ. ಅದು ನಿನ್ನ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ತೋಟದ ಲೈನ್ ಮನೆಯ ಕೆಲಸಗಾರರಲ್ಲಿ ಎಷ್ಟೋ ಜನ ನೇರ ಅಂಗಡಿಗೇ ಬರುವವರು, ನಂಬರ್ ಇಟ್ಟುಕೊಂಡಿರುವುದಿಲ್ಲ. ಅವರಿಗೆ ಒಬ್ಬೊಬ್ಬರಿಗೇ ಕಳಿಸು. ಫೋನೇ ಇಲ್ಲದವರು ಬಂದಾಗ ಕೌಂಟರಿನಲ್ಲೇ ತೋರಿಸು. ಹಿಂದಿನ ದಿನ ಸಂಜೆ, ತೋಟದ ಕೆಲಸ ಮುಗಿಸಿ ಮನೆ ಸೇರಿರುವ ಹೊತ್ತಿಗೆ ವಿಡಿಯೋ ಹೋದರೆ ಒಳ್ಳೆಯದು, "ನಾಳೆಗೆ ಹತ್ತು ವರ್ಷ" ಅನ್ನುವ ಮಾತೂ ಸರಿಹೋಗುತ್ತದೆ.

ರೆಕಾರ್ಡ್ ಮಾಡಿದ ಮೇಲೆ ಮೊದಲು ಅತ್ತಿಗೆಗೆ ತೋರಿಸು. ಆ ರಟ್ಟನ್ನು ಎಸೆಯದೆ ಎತ್ತಿಟ್ಟವರು ಅವರೇ ತಾನೆ, "ಮನೆಯವರ ಕಡೆಯಿಂದ" ಅನ್ನುವುದು ಸಾಕಾ ಅಥವಾ ಅವರೂ ಪಕ್ಕದಲ್ಲಿ ನಿಲ್ಲುತ್ತಾರಾ ಅಂತ ಕೇಳು. ನನ್ನ ಪ್ರಕಾರ ನಿಲ್ಲಬೇಕು.

ನಿನ್ನ ಗೆಳೆಯ