ಶನಿವಾರ ಎ ಬ್ಲಾಕ್, ಭಾನುವಾರ ಬಿ ಬ್ಲಾಕ್: ಹಗಲಿಡೀ ನೀರಿರುವುದಿಲ್ಲ

ಎಲ್ಲರಿಗೂ ನಮಸ್ಕಾರ,

ಮೊದಲು ಸಮಯ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಬರುವ ಶನಿವಾರ ಎ ಬ್ಲಾಕಿಗೆ, ಭಾನುವಾರ ಬಿ ಬ್ಲಾಕಿಗೆ ಬೆಳಿಗ್ಗೆ 9.30ರಿಂದ ಸಂಜೆ 6.30ರವರೆಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. 6.30 ಅನ್ನುವುದು ನಮ್ಮ ಅಂದಾಜು. ರಾತ್ರಿ 8 ಗಂಟೆ ಆದರೂ ಆಗಬಹುದು ಅಂದುಕೊಂಡೇ ನೀರು ಹಿಡಿದಿಟ್ಟುಕೊಳ್ಳಿ. ಕಾವೇರಿ ನೀರಿಗೂ ಇದಕ್ಕೂ ಸಂಬಂಧವಿಲ್ಲ. ಸಂಪಿನಲ್ಲಿ ನೀರಿರುತ್ತದೆ, ಯಾರೂ ಟ್ಯಾಂಕರ್‌ಗೆ ಫೋನ್ ಮಾಡಬೇಕಿಲ್ಲ. ಕೆಲಸ ಇರುವುದು ಟೆರೇಸ್ ಮೇಲಿನ ಪೈಪುಗಳಲ್ಲಿ.

ಹೋದ ತಿಂಗಳು ಎ ಬ್ಲಾಕಿನಲ್ಲಿ ಆದದ್ದು ನೆನಪಿದೆ ಅಲ್ವಾ? ಮೂರನೇ ಮಹಡಿಯ ಒಂದು ಮನೆಯಲ್ಲಿ ವಾಶ್‌ಬೇಸಿನ್ ಕೆಳಗಿನ ಆ್ಯಂಗಲ್ ಕಾಕ್ ಮುರಿದು ನೀರು ಹಾಲ್‌ವರೆಗೆ ಹರಿಯಿತು. ಸೆಕ್ಯೂರಿಟಿಯವರು ಟೆರೇಸಿಗೆ ಓಡಿ ಗೇಟ್ ವಾಲ್ವ್ ತಿರುಗಿಸಿದರು, ಅದು ತಿರುಗುತ್ತಲೇ ಇತ್ತು, ನೀರು ಮಾತ್ರ ನಿಲ್ಲಲಿಲ್ಲ. ಕೊನೆಗೆ ಇಡೀ ಟ್ಯಾಂಕ್ ಖಾಲಿ ಮಾಡಬೇಕಾಯಿತು. ಒಂದು ಮನೆಯ ಕಾಕ್ ಮುರಿದದ್ದಕ್ಕೆ 48 ಮನೆಗಳು ಮಧ್ಯಾಹ್ನ ಮೂರರವರೆಗೆ ನೀರಿಲ್ಲದೆ ಕೂತವು.

ಯಾಕೆ ಹೀಗಾಯಿತು ಅಂದರೆ, ಟ್ಯಾಂಕಿನಿಂದ ಒಂದೇ ದಪ್ಪ ಪೈಪ್ ಹೊರಟು ಟೆರೇಸ್ ಸುತ್ತ ಹೋಗುತ್ತದೆ. ಅದರಿಂದ ಹನ್ನೆರಡು ಲೈನ್‌ಗಳು ಡಕ್ಟ್ ಒಳಗೆ ಕೆಳಗಿಳಿಯುತ್ತವೆ. ಒಂದರ ಕೆಳಗೊಂದಿರುವ ಎಂಟು ಮನೆಗಳಿಗೆ ಎರಡು ಲೈನ್: ಒಂದು ಅಡುಗೆಮನೆ ಕಡೆಗೆ, ಇನ್ನೊಂದು ಬಾತ್‌ರೂಮ್ ಕಡೆಗೆ. ಈ ಹನ್ನೆರಡರಲ್ಲಿ ಒಂದಕ್ಕೂ ತನ್ನದೇ ವಾಲ್ವ್ ಇಲ್ಲ. ಕಟ್ಟಿದವರು ಅಲ್ಲಿ ದುಡ್ಡು ಉಳಿಸಿದ್ದಾರೆ, ಇಷ್ಟು ವರ್ಷ ನಾವೂ ಸುಮ್ನೆ ಇದ್ದೆವು.

ಈಗ ಹನ್ನೆರಡು ಲೈನಿಗೂ ಒಂದೊಂದು ಬಾಲ್ ವಾಲ್ವ್ ಹಾಕಿಸುತ್ತಿದ್ದೇವೆ. ಕೆಟ್ಟಿರುವ ಮೇನ್ ಗೇಟ್ ವಾಲ್ವ್ ಕೂಡ ತೆಗೆದು ಹೊಸದು ಹಾಕುತ್ತಾರೆ. ಬಾಲ್ ವಾಲ್ವ್‌ನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ರಾತ್ರಿ ಟಾರ್ಚ್ ಹಿಡಿದು ಹೋದವರಿಗೂ ಗೊತ್ತಾಗುತ್ತದೆ. ಪ್ರತಿ ವಾಲ್ವ್ ಮೇಲೂ ಮನೆ ನಂಬರ್‌ಗಳ ತಗಡು ಕಟ್ಟಿಸುತ್ತೇವೆ. ಮುಂದೆ ಒಂದು ಬಾತ್‌ರೂಮಿನಲ್ಲಿ ಏನಾದರೂ ಮುರಿದರೆ ಎಂಟು ಬಾತ್‌ರೂಮ್‌ಗಳಿಗೆ ಮಾತ್ರ ನೀರು ನಿಲ್ಲುತ್ತದೆ, ಆ ಮನೆಗಳ ಅಡುಗೆಮನೆಯಲ್ಲೂ ನೀರಿರುತ್ತದೆ. ಖರ್ಚು ಕಾರ್ಪಸ್ ಫಂಡಿನಿಂದ, ಮೇಂಟೆನೆನ್ಸ್ ಜಾಸ್ತಿ ಮಾಡುವುದಿಲ್ಲ.

ಹನ್ನೆರಡು ವಾಲ್ವ್ ಹಾಕಲು ಇಡೀ ದಿನ ಬೇಕಾ ಅಂತ ಕೆಲವರು ಕೇಳಿದ್ದೀರಿ. ಕತ್ತರಿಸಿ ಜೋಡಿಸುವ ಕೆಲಸ ಮಧ್ಯಾಹ್ನ ಒಂದಕ್ಕೇ ಮುಗಿಯುತ್ತದೆ. ಆಮೇಲಿನದು ಕಾಯುವ ಕೆಲಸ. ನಮ್ಮದು ಸಿಪಿವಿಸಿ ಪೈಪ್. ಪ್ಲಂಬರ್‌ಗಳು ಸೊಲ್ಯೂಷನ್ ಅನ್ನುವ ಅಂಟು ಹಚ್ಚಿ ಅದನ್ನು ಕೂಡಿಸುತ್ತಾರೆ. ಪೈಪ್ ಒದ್ದೆ ಇದ್ದರೆ ಅಂಟು ಹಿಡಿಯುವುದಿಲ್ಲ, ಅದಕ್ಕೇ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಹಿಡಿದಂತೆ ಕಂಡರೂ ಒಳಗೆ ಗಟ್ಟಿಯಾಗುವ ಮೊದಲೇ ನೀರು ಬಿಟ್ಟರೆ ಜಾಯಿಂಟ್ ಜಾರುತ್ತದೆ. ಪ್ಲಂಬರ್ ನಾಲ್ಕು ಗಂಟೆ ಕೇಳಿದ್ದಾರೆ, ನಾವು ಕೊಟ್ಟಿದ್ದೇವೆ. ಒಂದು ಸಲ ಪಂಪ್ ರೂಮಿನಲ್ಲಿ ಹೀಗೇ ಅವಸರ ಮಾಡಿ ಎರಡೇ ಗಂಟೆಗೆ ಮೋಟರ್ ಹಾಕಿಸಿದ್ದು ಈ ಸಮಿತಿಯವರೇ. ಆ ರಾತ್ರಿ ಜಾಯಿಂಟ್ ಕಿತ್ತುಕೊಂಡು ಲಿಫ್ಟ್ ಗುಂಡಿಗೆ ನೀರು ಹೋಗಿತ್ತು. ಹಾಗಾಗಿ ನಾಲ್ಕು ಗಂಟೆಗೆ ಫೋನ್ ಮಾಡಿ "ಇನ್ನೂ ಬಿಟ್ಟಿಲ್ವಾ" ಅಂತ ಕೇಳಿದರೆ ಉತ್ತರ "ಇಲ್ಲ" ಅಂತಲೇ. ಐದಕ್ಕೆ ಟ್ಯಾಂಕ್ ತುಂಬಿಸಲು ಶುರು ಮಾಡಿ, ಸೋರಿಕೆ ನೋಡಿ, ಅರ್ಧ ತುಂಬಿದ ಮೇಲೆ ಒಂದೊಂದೇ ಲೈನ್ ನಿಧಾನವಾಗಿ ತೆರೆಯುತ್ತಾರೆ. ಹೇಗೂ ಟ್ಯಾಂಕ್ ಖಾಲಿ ಇರುತ್ತದೆ ಅಂತ ಹೌಸ್‌ಕೀಪಿಂಗ್‌ನವರು ತುಂಬಿಸುವ ಮೊದಲೇ ಒಳಗೆ ಉಜ್ಜಿ ತೊಳೆದುಬಿಡುತ್ತಾರೆ.

ಈಗ ನಿಮ್ಮ ಮನೆ ವಿಷಯ. ನೀರನ್ನು ಹಿಂದಿನ ರಾತ್ರಿಯೇ ಹಿಡಿದಿಡಿ. ಬೆಳಿಗ್ಗೆ 7ಕ್ಕೆ ಮೋಟರ್ ನಿಲ್ಲುತ್ತದೆ, ಆಮೇಲೆ ಬರುವುದು ಟ್ಯಾಂಕಿನಲ್ಲಿ ಉಳಿದದ್ದು ಮಾತ್ರ. ಎಲ್ಲರೂ 9 ಗಂಟೆಗೆ ಒಟ್ಟಿಗೆ ಬಕೆಟ್ ಇಟ್ಟರೆ ಮೇಲಿನ ಮಹಡಿಯವರಿಗೆ ಗಾಳಿ ಮಾತ್ರ ಬರುತ್ತದೆ. ನಾಲ್ಕು ಜನರ ಮನೆಗೆ ಅಡುಗೆಗೆ, ಕುಡಿಯಲು 25 ಲೀಟರ್, ಜೊತೆಗೆ ನಾಲ್ಕು ಬಕೆಟ್ ಇದ್ದರೆ ಧಾರಾಳ ಸಾಕು. ಡ್ರಮ್‌ಗಟ್ಟಲೆ ಹಿಡಿದು ಮಾರನೇ ದಿನ ಚೆಲ್ಲಬೇಡಿ. ಪಾತ್ರೆ ತೊಳೆಯಲು ಬರುವವರಿಗೆ ಬೇಗ ಬರಲು ಇವತ್ತೇ ಹೇಳಿ. ಫ್ಲಶ್ ಮಾತ್ರ ನಿಲ್ಲುವುದಿಲ್ಲ, ಅದು ಎಸ್‌ಟಿಪಿ ನೀರಿನ ಬೇರೆ ಲೈನ್. ಆದರೆ ಹೆಲ್ತ್ ಫಾಸೆಟ್‌ನಲ್ಲಿ ನೀರು ಬರುವುದಿಲ್ಲ. ಒಂದು ಬಕೆಟ್, ಮಗ್ ಟಾಯ್ಲೆಟ್‌ನಲ್ಲೇ ಇಟ್ಟುಬಿಡಿ, ಒಳಗೆ ಕೂತಮೇಲೆ ನೆನಪಾದರೆ ಕಷ್ಟ.

ಗೀಸರ್ ಸ್ವಿಚ್ 9.30ಕ್ಕೆ ಆಫ್ ಮಾಡಿ. ನೀರಿಲ್ಲದಾಗ ಬಿಸಿ ನೀರಿನ ನಲ್ಲಿ ತಿರುಗಿಸಿದರೆ ಏನೂ ಬರುವುದಿಲ್ಲ, ಗೀಸರ್ ತುಂಬಿಯೇ ಇರುತ್ತದೆ ಅಂದುಕೊಳ್ಳುತ್ತೇವೆ. ಆದರೆ ಇನ್‌ಲೆಟ್‌ನ ನಾನ್ ರಿಟರ್ನ್ ವಾಲ್ವ್ ಹಾಳಾಗಿದ್ದರೆ, ಕೆಳಗಿನ ಮನೆಯವರು ನಲ್ಲಿ ತೆರೆದಾಗ ಮೇಲಿನ ಮನೆಯ ಗೀಸರ್ ನೀರು ಹಿಂದಕ್ಕೆ ಇಳಿದು ಹೋಗಬಹುದು. ಖಾಲಿ ಗೀಸರ್ ಆನ್ ಆದರೆ ಕಾಯಿಲ್ ಸುಡುತ್ತದೆ. ಸಂಜೆ ಬಿಸಿ ನಲ್ಲಿಯಲ್ಲಿ ನೀರು ತಡೆಯಿಲ್ಲದೆ ಬಂದ ಮೇಲೆಯೇ ಸ್ವಿಚ್ ಹಾಕಿ. ಮನೆಯಲ್ಲಿ ಪ್ರೆಶರ್ ಪಂಪ್ ಇರುವವರು ಅದನ್ನೂ ಆಫ್ ಮಾಡಿ. ವಾಟರ್ ಪ್ಯೂರಿಫೈಯರ್‌ಗೆ ಹೋಗುವ ಕಾಕ್ ಮುಚ್ಚಿ. ಸಂಜೆ ವಾಷಿಂಗ್ ಮಷಿನ್ ಹಾಕಬೇಡಿ.

ನೀರು ಬಂದಾಗ ಮೊದಲು ತೆರೆಯಬೇಕಾದದ್ದು ಬಾತ್‌ರೂಮಿನಲ್ಲಿ ಬಕೆಟ್ ತುಂಬಿಸುವ ನಲ್ಲಿ. ಅಡುಗೆಮನೆ ನಲ್ಲಿಯ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ, ಖಾಲಿ ಪೈಪ್ ತುಂಬುವಾಗ ಎದ್ದು ಬರುವ ಮಣ್ಣು, ಪೈಪ್ ಕೊಯ್ದ ಪುಡಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಬುಸ್ ಬುಸ್ ಅಂತ ಗಾಳಿ ಬಂದು, ನಲ್ಲಿ ಉಗುಳಿ, ಸ್ವಲ್ಪ ಕೆಂಪು ನೀರು ಬರಬಹುದು. ಅದನ್ನು ಬಕೆಟಿಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ. ಆಮೇಲೆ ಅಡುಗೆಮನೆ ನಲ್ಲಿ ಹತ್ತು ನಿಮಿಷ ಬಿಡಿ. ಒಂದು ಸ್ಟೀಲ್ ಲೋಟದಲ್ಲಿ ಹಿಡಿದು ಮೂಸಿ ನೋಡಿ. ಅಂಟಿನ ವಾಸನೆ ಇದ್ದರೆ ಇನ್ನೂ ಸ್ವಲ್ಪ ಬಿಡಿ, ವಾಸನೆ ಪೂರ್ತಿ ಹೋದ ಮೇಲೆ ಪ್ಯೂರಿಫೈಯರ್ ಕಾಕ್ ತೆರೆಯಿರಿ. ಪಕ್ಕದ ಮನೆಗಳಲ್ಲಿ ಬಂದು ನಿಮ್ಮಲ್ಲಿ ಒಂದು ನಲ್ಲಿಯಲ್ಲಿ ಮಾತ್ರ ನೀರು ಸಣ್ಣಗಿದ್ದರೆ ಮೊದಲು ಆ ಜಾಲರಿ ಬಿಚ್ಚಿ ತೊಳೆಯಿರಿ. ಒಂದು ಬಾತ್‌ರೂಮಿನಲ್ಲಿ ಪೂರ್ತಿ ಬರದಿದ್ದರೆ ಲೈನಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಆಗ ಇಂಟರ್‌ಕಾಮ್‌ನಲ್ಲಿ ಸೆಕ್ಯೂರಿಟಿಗೆ ಹೇಳಿ. ಪ್ಲಂಬರ್ ರಾತ್ರಿ 9ರವರೆಗೆ ಇಲ್ಲೇ ಇರುತ್ತಾರೆ.

ಶನಿವಾರ ಊರಿಗೆ ಹೊರಟವರು ದಯವಿಟ್ಟು ಒಂದು ಕೆಲಸ ಮಾಡಿ ಹೋಗಿ. ನೀರಿಲ್ಲದಾಗ ನಲ್ಲಿ ತಿರುಗಿಸಿ, ಬರಲಿಲ್ಲ ಅಂತ ಹಾಗೇ ಬಿಟ್ಟು ಬಾಗಿಲು ಹಾಕಿಕೊಂಡು ಹೋಗುವುದೇ ಅಪಾಯ. ಎರಡು ವರ್ಷದ ಹಿಂದೆ ಒಂದು ಮನೆಯಲ್ಲಿ ಹೀಗೇ ಆಗಿ, ಸಿಂಕ್ ಜಾಲರಿಯಲ್ಲಿ ಟೀ ಸೊಪ್ಪು ಕಟ್ಟಿಕೊಂಡಿದ್ದರಿಂದ ನೀರು ಇಳಿಯದೆ ಇಡೀ ರಾತ್ರಿ ಉಕ್ಕಿ, ಕೆಳಗಿನ ಮನೆಯ ಮರದ ಕಪಾಟುಗಳೆಲ್ಲ ಊದಿಕೊಂಡವು. ಹೊರಡುವ ಮೊದಲು ಒಂದೊಂದೇ ನಲ್ಲಿ ಮುಟ್ಟಿ ನೋಡಿ, ಬಾಲ್ಕನಿಯದನ್ನೂ ಮರೆಯಬೇಡಿ.

ಒಬ್ಬರೇ ಇರುವ ಹಿರಿಯರು, ಸಣ್ಣ ಮಗು ಇರುವವರು ಶುಕ್ರವಾರ ಸಂಜೆ ಒಳಗೆ ಗೇಟಿನಲ್ಲಿರುವ ಪುಸ್ತಕದಲ್ಲಿ ಮನೆ ನಂಬರ್ ಬರೆಸಿ. ಹೌಸ್‌ಕೀಪಿಂಗ್‌ನವರು ಮಧ್ಯಾಹ್ನ ಎರಡು ಬಕೆಟ್ ನೀರು ಬಾಗಿಲಿಗೆ ತಂದುಕೊಡುತ್ತಾರೆ. ಉಳಿದವರಿಗೆ ಬೇಸ್‌ಮೆಂಟಿನ ಸಂಪಿನ ನಲ್ಲಿ ಇಡೀ ದಿನ ತೆರೆದಿರುತ್ತದೆ, ಬಕೆಟ್ ನಿಮ್ಮದೇ ತನ್ನಿ. ಮಳೆ ಬಂದರೆ ಕೆಲಸ ಮುಂದಿನ ವಾರಕ್ಕೆ ಹೋಗುತ್ತದೆ. ಹಾಗಾದರೆ ಬೆಳಿಗ್ಗೆ 7ರ ಒಳಗೇ ತಿಳಿಸುತ್ತೇವೆ.

ಇಂತಿ,
ನಿರ್ವಹಣಾ ಸಮಿತಿ