ಸಿಂಚನಾಳ ಅಡುಗೆ ಹುಚ್ಚು: ರೂಪಾಗೆ ಒಂದು ಕಾಗದ

ಮೈಸೂರು

ಚಿ. ಸೌ. ರೂಪಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಏಳನೇ ಕ್ಲಾಸಿನ ಸಿಂಚನಾಗೆ ಶಾಲೆ ಬಿಟ್ಟರೆ ಅಡುಗೆಮನೆಯೇ ಲೋಕ. ಅಳಿಯಂದಿರು ‘ಹೋಟೆಲ್ ಮ್ಯಾನೇಜ್‌ಮೆಂಟ್‌ಗೆ ಹಾಕೋಣ’ ಅಂದರೆ, ನಿಮ್ಮತ್ತೆ ‘ಡಾಕ್ಟರಾಗಬೇಕಾದ ಮಗು ಸೌಟು ಹಿಡಿಯೋದಾ’ ಅಂತ ಕೇಳಿದರಂತೆ. ಮಗು ಇನ್ನೂ ಅಡುಗೆ ಮಾಡ್ತಿದೆ ಅಷ್ಟೆ, ಇವರು ಆಗಲೇ ಕೆಲಸದ ಆರ್ಡರು ಟೈಪ್ ಮಾಡಿಸ್ತಿದ್ದಾರೆ.

ಅಡುಗೆ ಇಷ್ಟ ಅನ್ನೋದು ಒಂದು ಇಷ್ಟದ ಹೆಸರಲ್ಲ ಕಣಮ್ಮ. ಅದರೊಳಗೆ ಐದಾರು ಬೇರೆ ಬೇರೆ ಕೆಲಸ ಇವೆ: ಅಳೆಯೋದು, ಕೈಯಾಡಿಸೋದು, ಯಾಕೆ ಹೀಗಾಯ್ತು ಅಂತ ಹುಡುಕೋದು, ಬಡಿಸೋದು, ತಟ್ಟೆ ಚೆಂದ ಮಾಡೋದು, ಇಷ್ಟು ಜನಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕೋದು. ಅವಳಿಗೆ ಯಾವುದು ಹಿಡಿಸಿದೆ ಅನ್ನೋದು ಅವಳಿಗೂ ಗೊತ್ತಿರಲ್ಲ. ಅದಕ್ಕೇ ‘ದೊಡ್ಡವಳಾಗಿ ಏನಾಗ್ತೀಯ’ ಅಂತ ಕೇಳಬೇಡ. ಈ ವಯಸ್ಸಿನ ಮಕ್ಕಳು ಆ ಪ್ರಶ್ನೆಗೆ ಮನೆಯವರಿಗೆ ಖುಷಿಯಾಗುವ ಉತ್ತರವನ್ನೇ ಕೊಡ್ತಾರೆ. ‘ಇದರಲ್ಲಿ ಯಾವ ಭಾಗ ಬೇಜಾರು?’ ಅಂತ ಕೇಳು, ನಿಜ ಹೊರಗೆ ಬರುತ್ತೆ.

ಒಂದು ಭಾನುವಾರ ಇದನ್ನು ಮಾಡಿಸಿ ನೋಡು. ಹಿಂದಿನ ದಿನ ಮೂರು ಲೋಟ ಇಡ್ಲಿ ಅಕ್ಕಿ, ಒಂದು ಲೋಟ ಉದ್ದಿನಬೇಳೆ ನೆನೆಹಾಕಿ, ಬೆಳಗ್ಗೆ ಬೇಗ ರುಬ್ಬಿ ಉಪ್ಪು ಬೆರೆಸಿಡಿ. ಒಂದೇ ಅಳತೆಯ ಮೂರು ಗಾಜಿನ ಬಾಟ್ಲಿಗೆ ಅದೇ ಹಿಟ್ಟನ್ನು ಅರ್ಧಕ್ಕಿಂತ ಕಮ್ಮಿ ತುಂಬಿಸಿ. ಪೂರ್ತಿ ತುಂಬಿದರೆ ಉಕ್ಕಿ ಚೆಲ್ಲುತ್ತೆ. ಮುಚ್ಚಳ ಬಿಗಿ ಮಾಡಿದರೆ ಒಳಗೆ ಗಾಳಿ ಒತ್ತುತ್ತೆ, ಸಡಿಲ ಇರಲಿ. ಹಿಟ್ಟಿನ ಮಟ್ಟಕ್ಕೆ ಹೊರಗಡೆ ಪೇಪರ್ ಟೇಪ್ ಅಂಟಿಸಿ ಗೆರೆ ಎಳೆಯಲಿ. ಒಂದು ಬಾಟ್ಲಿ ಕಟ್ಟೆ ಮೇಲೆ, ಒಂದು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ, ಒಂದು ಫ್ರಿಜ್ಜಿನಲ್ಲಿ. ಪಾತ್ರೆಯ ನೀರು ಆರಿದಾಗ ಬದಲಿಸಬೇಕು. ಎರಡೆರಡು ಗಂಟೆಗೊಮ್ಮೆ ಹೊಸ ಗೆರೆ, ಪಕ್ಕದಲ್ಲಿ ಗಂಟೆ. ಅಕ್ಕಿ ಬೇಳೆಯಲ್ಲೇ ಇರುವ ಸೂಕ್ಷ್ಮಜೀವಿಗಳು ಸಕ್ಕರೆ ಅಂಶ ತಿಂದು ಅನಿಲ ಬಿಡೋದರಿಂದ ಹಿಟ್ಟು ಏರುತ್ತೆ. ಬೆಚ್ಚಗಿದ್ದಲ್ಲಿ ಅವುಗಳ ಕೆಲಸ ಚುರುಕು, ಫ್ರಿಜ್ಜಿನಲ್ಲಿ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಮಕ್ಕಳು ಉತ್ಸಾಹದಲ್ಲಿ ಒಂದಕ್ಕೆ ಮೆಂತ್ಯ, ಇನ್ನೊಂದಕ್ಕೆ ಅವಲಕ್ಕಿ ಹಾಕಿಬಿಡ್ತಾರೆ. ಆಗ ಏರಿದ್ದು ಬಿಸಿಯಿಂದಲೋ ಮೆಂತ್ಯದಿಂದಲೋ ಹೇಳೋಕಾಗಲ್ಲ. ಆ ಪ್ರಯೋಗ ಬೇಕಿದ್ದರೆ ಮುಂದಿನ ವಾರ ಬೇರೆಯಾಗಿ ಮಾಡಲಿ.

ನೀನು ಹಿಟ್ಟು ನೋಡೋದಲ್ಲ, ಮಗಳನ್ನು ನೋಡಬೇಕು. ಮಧ್ಯಾಹ್ನ ಟಿ.ವಿ. ಬಿಟ್ಟು ತಾನೇ ಎದ್ದು ಬಂದು ಗೆರೆ ಎಳೀತಾಳಾ? ಫ್ರಿಜ್ಜಿನ ಬಾಟ್ಲಿಯನ್ನು ಈಗ ಹೊರಗಿಟ್ಟರೆ ಏನಾಗುತ್ತೆ ಅಂತ ಕೇಳ್ತಾಳಾ? ಇಲ್ಲ, ಗೆರೆಯೆಲ್ಲ ಮರೆತು, ರಾತ್ರಿ ತಾತನಿಗೆ ಬಿಸಿ ಇಡ್ಲಿ ಬಡಿಸೋ ಹೊತ್ತಿಗೆ ಮುಖ ಅರಳುತ್ತಾ? ಬಾಟ್ಲಿಗೆ ಬಣ್ಣದ ಚೀಟಿ ಬರೆದು ಅಂಟಿಸೋದರಲ್ಲೇ ಅರ್ಧ ಗಂಟೆ ಕಳೆದಳಾ? ಮೊದಲನೆಯ ಮಗು ಆಹಾರ ವಿಜ್ಞಾನದ ಲ್ಯಾಬಿನ ಕಡೆ ಕುತೂಹಲ ತೋರಿಸ್ತಿದೆ, ಎರಡನೆಯದು ಜನರಿಗೆ ಉಣಿಸೋ ಕೆಲಸದ ಕಡೆ, ಮೂರನೆಯದು ವಿನ್ಯಾಸದ ಕಡೆ. ಮೂರೂ ‘ಅಡುಗೆ ಹುಚ್ಚಿನ’ ಮಕ್ಕಳೇ.

ಇದನ್ನೆಲ್ಲ ಒಂದು ಹಳೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡು. ತಾರೀಖು, ಯಾರೂ ಹೇಳದೆ ಮಾಡಿದ್ದು ಏನು, ಎಲ್ಲಿ ಬಿಟ್ಟಳು, ಕೆಟ್ಟುಹೋದಾಗ ಮತ್ತೆ ಕೈಹಾಕಿದಳಾ. ಕೊನೆಯದು ಮುಖ್ಯ. ಚೆನ್ನಾಗಿ ಬಂದಾಗ ಎಲ್ಲ ಮಕ್ಕಳಿಗೂ ಇಷ್ಟವೇ. ಒಂದು ಭಾನುವಾರದಿಂದ ಏನನ್ನೂ ತೀರ್ಮಾನಿಸಬೇಡ. ಅದೇ ಲಕ್ಷಣ ಅಡುಗೆಗೆ ಸಂಬಂಧವೇ ಇಲ್ಲದ ಇನ್ನೆರಡು ಕಡೆ ಕಂಡರೆ ಆಗ ಅದಕ್ಕೆ ಬೆಲೆ. ಕುಂಡದ ಗಿಡಕ್ಕೂ ಅಳತೆ ಪಟ್ಟಿ ಹಿಡೀತಾಳೆ ಅಂದರೆ ಅವಳಿಗೆ ಹಿಡಿಸಿರೋದು ಅಳತೆ, ಅಡುಗೆ ಅದಕ್ಕೊಂದು ನೆಪ.

ಇನ್ನು ಕೆಲಸ ಮಾಡೋರ ಜೊತೆ ಅವಳ ಮಾತುಕತೆ. ಮಂಡ್ಯದಲ್ಲಿದ್ದುಕೊಂಡು ಇದಕ್ಕೆ ದೂರ ಹೋಗಬೇಕಾಗಿಲ್ಲ, ಆಲೆಮನೆಗೆ ಕರ್ಕೊಂಡು ಹೋಗು. ಒಂದೇ ಚಪ್ಪರದಡಿ ಗಾಣ ನೋಡಿಕೊಳ್ಳೋನು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕೋನು, ಕೊಪ್ಪರಿಗೆ ಮುಂದೆ ನಿಲ್ಲೋನು, ಅಚ್ಚಿಗೆ ಸುರಿಯೋರು, ಬೆಲ್ಲ ಕೊಳ್ಳೋಕೆ ಬಂದ ವ್ಯಾಪಾರಿ ಎಲ್ಲರೂ ಸಿಗ್ತಾರೆ. ಕುದಿಯೋ ರಸಕ್ಕೆ ಸುಣ್ಣ ಯಾಕೆ ಹಾಕ್ತಾರೆ ಅಂತ ಅವಳೇ ಕೇಳಲಿ: ರಸದ ಹುಳಿ ತಗ್ಗಿಸಿ, ಕೊಳೆ ಮೇಲೆ ಬರೋ ಹಾಗೆ ಮಾಡೋಕೆ. ಪಾಕ ಆಯ್ತಾ ಅಂತ ನೋಡೋಕೆ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರೆ. ಬೇಗ ಇಳಿಸಿದರೆ ಬೆಲ್ಲ ಗಟ್ಟಿಯಾಗಲ್ಲ, ತಡವಾದರೆ ಕಪ್ಪಾಗಿ ಕಹಿ ಹತ್ತುತ್ತೆ.

ಇಪ್ಪತ್ತು ನಿಮಿಷದ ಮಾತು ಸಾಕು, ಒಬ್ಬರ ಹತ್ತಿರ ಮಾತ್ರ. ಪ್ರಶ್ನೆಗಳನ್ನು ಮನೆಯಲ್ಲೇ ಅವಳು ಬರೆದುಕೊಂಡಿರಲಿ: ಬೆಳಗ್ಗೆ ಬಂದು ಮೊದಲು ಮಾಡೋದೇನು? ದಿನದಲ್ಲಿ ಬೇಜಾರಾಗೋ ಕೆಲಸ ಯಾವುದು? ಇದನ್ನು ಹೇಗೆ ಕಲಿತಿರಿ? ಸೀಸನ್ ಇಲ್ಲದಾಗ ಏನು ಮಾಡ್ತೀರಿ? ‘ಸಂಬಳ ಎಷ್ಟು’ ಬೇಡ, ಮುಜುಗರ ಆಗುತ್ತೆ. ಕೇಳೋದು ಅವಳು, ನೀನು ಬಾಯಿ ಹಾಕಬೇಡ. ಅಮ್ಮಂದಿರು ಎರಡನೇ ಪ್ರಶ್ನೆಗೇ ತಾವು ಶುರು ಮಾಡಿ ಮಗುವನ್ನು ಸುಮ್ಮನಾಗಿಸಿಬಿಡ್ತಾರೆ. ವಾಪಸ್ ಬರುವಾಗ ‘ಹೇಗಿತ್ತು’ ಅಂತ ಕೇಳದೆ, ‘ಅಲ್ಲಿ ಒಂದು ದಿನ ನಿನಗೆ ಕೆಲಸ ಕೊಟ್ಟರೆ ಯಾರ ಜಾಗದಲ್ಲಿ ನಿಲ್ತೀಯ’ ಅಂತ ಕೇಳು.

ಇಲ್ಲಿ ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ, 1950ರಿಂದ ಆಹಾರದ ಸಂಶೋಧನೆಯೇ ಅದರ ಕೆಲಸ. ಎಮ್ಮೆ ಹಾಲಿನಿಂದ ಹಸುಗೂಸಿನ ಹಾಲಿನ ಪುಡಿ ಮಾಡೋ ವಿಧಾನ ಅಲ್ಲಿಯದೇ. ಸಾರ್ವಜನಿಕರನ್ನು ಒಳಗೆ ಬಿಡೋ ದಿನ ಯಾವಾಗ ಅಂತ ಮೊದಲೇ ವಿಚಾರಿಸಿಕೊಂಡು ಬನ್ನಿ. ಆದರೆ ಆಲೆಮನೆ ಆದ ಮೇಲೆ. ಕಾಯಿಸಿದ ರಸ ಕಣ್ಣಾರೆ ನೋಡಿದವಳಿಗೆ ಲ್ಯಾಬಿನವರ ಮಾತು ಅರ್ಥವಾಗುತ್ತೆ. ಶಾಲೆಯಲ್ಲೂ ಕೇಳು: 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಬ್ಯಾಗಿಲ್ಲದ 10 ದಿನ ಸ್ಥಳೀಯ ಕಸುಬುದಾರರ ಜೊತೆ ಕಲಿಯೋಕೆ ಹೇಳಿದೆ. ನಿಮ್ಮ ಶಾಲೆ ಮಾಡುತ್ತೋ ಇಲ್ಲವೋ ತಿಳಿದುಕೋ.

ಮೂರು ಕಡೆ ಕೆಡುತ್ತೆ. ನಾಲ್ಕು ಸಾವಿರದ ಓವನ್ನು, ಬೇಕಿಂಗ್ ಕ್ಲಾಸು ಅಂತ ಮೊದಲೇ ದುಡ್ಡು ಸುರಿದರೆ, ಬೇಡ ಅನ್ನಿಸಿದಾಗಲೂ ಅವಳು ಬಾಯಿಬಿಟ್ಟು ಹೇಳಲ್ಲ. ಆರು ವಾರ ಮನೆಯ ಸಾಮಾನಿನಲ್ಲೇ ನಡೀಲಿ, ಆಮೇಲೆ ‘ಮುಂದುವರಿಸ್ತೀಯಾ, ನಿಲ್ಲಿಸ್ತೀಯಾ’ ಅಂತ ಕೇಳು, ನಿಲ್ಲಿಸೋದೂ ಸರಿಯಾದ ಉತ್ತರವೇ. ನೆಂಟರ ಮುಂದೆ ‘ನಮ್ಮನೆ ಶೆಫ್’ ಅನ್ನಬೇಡಿ, ಆ ಹೆಸರು ಕಳಚಿಕೊಳ್ಳೋಕೆ ಮಕ್ಕಳಿಗೆ ನಾಚಿಕೆ. ಬೆರಳಚ್ಚು ತೆಗೆದು ಮಗುವಿನ ವೃತ್ತಿ ಹೇಳ್ತೀವಿ ಅನ್ನೋರಿಗೆ ಒಂದು ರೂಪಾಯಿಯೂ ಕೊಡಬೇಡ, ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ.

ಅಳಿಯಂದಿರಿಗೆ ಇಷ್ಟು ಹೇಳು: ಹತ್ತನೇ ಕ್ಲಾಸಿನವರೆಗೆ ವಿಜ್ಞಾನ, ಗಣಿತ, ಸಮಾಜ ಎಲ್ಲವೂ ಇದ್ದೇ ಇರುತ್ತೆ. ದಾರಿ ಕವಲೊಡೆಯೋದು ಆಮೇಲೆ, ಪಿಯುಸಿನೋ ಡಿಪ್ಲೊಮಾನೋ, ಯಾವ ಕಾಂಬಿನೇಷನ್ನು ಅಂತ. ಈಗ ನೋಡಿಕೊಳ್ಳಬೇಕಾದ್ದು ಗಣಿತ ಜಾರದ ಹಾಗೆ ಮಾತ್ರ, ಯಾಕೆಂದರೆ ಅದು ಕೈಬಿಟ್ಟರೆ ಆಮೇಲೆ ಬಾಗಿಲು ತಾನಾಗಿ ಮುಚ್ಚುತ್ತೆ. ಅದಕ್ಕೂ ಅಡುಗೆಯೇ ಆಗುತ್ತೆ: ನಾಲ್ಕು ಜನರ ಪಾಯಸವನ್ನು ಹದಿನಾಲ್ಕು ಜನಕ್ಕೆ ಲೆಕ್ಕ ಹಾಕಲಿ, ತಲಾ ಖರ್ಚೂ ಬರೆಯಲಿ.

ಆಲೆಮನೆಗೆ ಹೋಗೋ ಮುಂಚೆ ಗೊತ್ತಿರೋರ ಕೈಲಿ ಹೇಳಿಸಿ, ಕೊಪ್ಪರಿಗೆ ಇಳಿಸೋ ಹೊತ್ತು ಕೇಳಿಕೋ, ಅದಕ್ಕೆ ಒಂದು ಗಂಟೆ ಮೊದಲು ಅಲ್ಲಿರಿ. ಹತ್ತಿ ಬಟ್ಟೆ, ಕಾಲಿಗೆ ಶೂ. ಪಾಕ ಅಚ್ಚಿಗೆ ಸುರಿಯುವಾಗ ಅವಳು ದೂರವೇ ನಿಲ್ಲಲಿ, ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತೆ.

ಇಂತಿ,
ನಿನ್ನ ದೊಡ್ಡಮ್ಮ